ಮಗ್ಗುಲು ಬದಲಿಸಿದಾಗ ಕೋಣೆ ತಿರುಗಿದರೆ: ಉತ್ತರ ಕಣ್ಣಲ್ಲಿರುತ್ತದೆ

ತಲೆಸುತ್ತು ಎಂದು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಾಸಿಗೆಯಿಂದ ಎದ್ದಾಗ ಸುತ್ತುತ್ತದೆಯೋ, ಮಲಗಿದ್ದಲ್ಲೇ ಮಗ್ಗುಲು ಬದಲಿಸಿದಾಗಲೂ ಸುತ್ತುತ್ತದೆಯೋ? ಕಿವಿ, ಮೂಗು, ಗಂಟಲಿನ ವೈದ್ಯನಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ, ಯಾವ ಸ್ಕ್ಯಾನಿಗಿಂತಲೂ ಮೊದಲು ದಾರಿ ತೋರಿಸುವುದು ಈ ಪ್ರಶ್ನೆಯೇ ಎಂದು ನನಗನ್ನಿಸಿದೆ.

ಕಾರಣ ಸರಳ. ಎದ್ದು ನಿಂತಾಗ ರಕ್ತದೊತ್ತಡ ಕುಸಿದರೆ ತಲೆ ಹಗುರಾಗುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಮಲಗಿದವರು ಎಡದಿಂದ ಬಲಕ್ಕೆ ಹೊರಳಿದರೆ ತಲೆ ಅದೇ ಎತ್ತರದಲ್ಲಿರುತ್ತದೆ, ಒತ್ತಡ ಕುಸಿಯುವುದಕ್ಕೆ ಕಾರಣವಿಲ್ಲ. ಬದಲಾಗುವುದು ಒಳಗಿವಿ ನೆಲದತ್ತ ಮುಖ ಮಾಡಿರುವ ಕೋನ ಮಾತ್ರ. ಹಾಗಾಗಿ ಹೊರಳಿದಾಗ ಸುತ್ತಿದರೆ ಬಿಪಿ ಮಾತ್ರೆಯನ್ನು ದೂರುವ ಮೊದಲು ಕಿವಿಯನ್ನು ನೋಡಬೇಕು.

ಒಳಗಿವಿಯಲ್ಲಿ ಗುರುತ್ವವನ್ನು ಅಳೆಯುವ ಪುಟ್ಟ ಚೀಲವೊಂದಿದೆ. ಅದರೊಳಗಿನ ಪೊರೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಕಳಚಿ ಪಕ್ಕದ ಅರ್ಧವೃತ್ತಾಕಾರದ ನಾಳಕ್ಕೆ ಜಾರುತ್ತವೆ. ಹೆಚ್ಚಾಗಿ ಸೇರುವುದು ಹಿಂಬದಿಯ ನಾಳಕ್ಕೆ, ಏಕೆಂದರೆ ಅದೇ ಎಲ್ಲಕ್ಕಿಂತ ತಗ್ಗಿನಲ್ಲಿದೆ. ಆಮೇಲೆ ತಲೆ ವಾಲಿದಾಗಲೆಲ್ಲ ಹರಳು ನಾಳದೊಳಗೆ ಜಾರಿ ದ್ರವವನ್ನು ಎಳೆಯುತ್ತದೆ, ತಲೆ ಗಿರಗಿರ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ, ಅದನ್ನು ನಂಬಿ ಕಣ್ಣುಗುಡ್ಡೆಯೂ ಜಿಗಿಯುತ್ತದೆ. ಹರಳು ತಳ ಸೇರಿದೊಡನೆ ಸುತ್ತು ನಿಲ್ಲುತ್ತದೆ. ಇದನ್ನೇ ನಾವು ಬಿಪಿಪಿವಿ ಎನ್ನುವುದು.

ಅರವತ್ತು ದಾಟಿದ ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಕತ್ತಿನ ಪಟ್ಟಿ ಹಾಕಿಕೊಂಡು ಬಂದಿದ್ದರು. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದೆ ಎಂದಿತ್ತು, ಜೊತೆಗೆ ತಲೆಸುತ್ತಿನ ಮಾತ್ರೆಯೂ ನಡೆಯುತ್ತಿತ್ತು. ಆ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಸವೆತ ಕಾಣದವರೇ ಅಪರೂಪ, ಹಾಗಾಗಿ ಅದೊಂದರಿಂದಲೇ ತಲೆಸುತ್ತಿನ ಕಾರಣ ನಿರ್ಧರಿಸಲಾಗದು.

"ಡಾಕ್ಟ್ರೇ, ದಿನವಿಡೀ ಸುತ್ತುತ್ತೆ" ಎಂದರು.

"ಗೋಡೆ ತಿರುಗೋದು ಎಷ್ಟು ಹೊತ್ತು ಅಮ್ಮಾ? ಹಾಗೆ ತಿರುಗಿದಾಗ ಮನಸ್ಸಲ್ಲೇ ಎಣಿಸಿದರೆ ಎಷ್ಟಾಗಬಹುದು?"

ಸ್ವಲ್ಪ ಯೋಚಿಸಿ, "ಅದು ಅರ್ಧ ನಿಮಿಷ ಇರಬಹುದು. ಆಮೇಲೆ ಹೊಟ್ಟೆ ತೊಳೆಸತ್ತೆ, ನಡೆಯೋಕೆ ಭಯ" ಎಂದರು. ಇಲ್ಲೇ ಗಂಟು ಬಿಚ್ಚಿಕೊಂಡಿತು. ಅರ್ಧ ನಿಮಿಷದ ಸುತ್ತೂ ಅದರ ಬೆನ್ನಿಗೇ ಬರುವ ಓಲಾಟ, ಅಂಜಿಕೆಯೂ ಸೇರಿ ರೋಗಿಯ ಬಾಯಲ್ಲಿ "ದಿನವಿಡೀ" ಆಗುತ್ತವೆ. ಇವೆರಡನ್ನು ಬೇರ್ಪಡಿಸದಿದ್ದರೆ ರೋಗನಿರ್ಣಯವೇ ದಾರಿ ತಪ್ಪುತ್ತದೆ. ಒಳಗಿವಿಯ ನರದ ಉರಿಯೂತದ ತಲೆಸುತ್ತಾದರೆ ಅಲುಗಾಡದೆ ಮಲಗಿದ್ದರೂ ದಿನಗಟ್ಟಲೆ ಬಿಡುವುದಿಲ್ಲ. ಮೆನಿಯರ್ ಕಾಯಿಲೆಯ ಸುತ್ತು ಇಪ್ಪತ್ತು ನಿಮಿಷದಿಂದ ಹಲವು ಗಂಟೆಯವರೆಗೆ ಇರುತ್ತದೆ, ಜೊತೆಗೆ ಕಿವಿ ಗುಂಯ್‌ಗುಡುತ್ತದೆ, ಕೇಳುವುದು ಮಂದವಾಗುತ್ತದೆ. ಇವರಿಗೆ ಇದಾವುದೂ ಇರಲಿಲ್ಲ. ಬಲ ಮಗ್ಗುಲಿಗೆ ಮಲಗುವುದನ್ನೇ ಬಿಟ್ಟಿದ್ದೇನೆ ಎಂಬುದನ್ನು ಅವರಾಗಿಯೇ ಹೇಳಿದರು.

ಕತ್ತು ಎಷ್ಟು ತಿರುಗುತ್ತದೆ ಎಂದು ಮೊದಲು ನೋಡಿಕೊಂಡೆ. ಕತ್ತಿನ ತೊಂದರೆ ಗಂಭೀರವಾಗಿದ್ದರೆ ತಲೆಯನ್ನು ಜೋತು ಬಿಡಬಾರದು, ಪಕ್ಕಕ್ಕೆ ಮಲಗಿಸಿ ಮಾಡುವ ಬೇರೆ ವಿಧಾನವಿದೆ. ಇವರದು ಸಲೀಸಾಗಿ ತಿರುಗುತ್ತಿತ್ತು. ಮುಂದೆ ಏನಾಗುತ್ತದೆಂದು ವಿವರಿಸಿದೆ: "ಈಗ ಸುತ್ತು ಬರಿಸುತ್ತೇನೆ. ಎಷ್ಟೇ ಆದರೂ ಕಣ್ಣು ಮುಚ್ಚಬೇಡಿ, ನಾನು ಹಿಡಿದಿರುತ್ತೇನೆ." ಈ ಮಾತು ಹೇಳದೆ ಮಲಗಿಸಿದರೆ ಅವರು ಗಾಬರಿಯಾಗಿ ಕಣ್ಣು ಬಿಗಿ ಮಾಡುತ್ತಾರೆ, ನೋಡಬೇಕಾದದ್ದೇ ಮುಚ್ಚಿಹೋಗುತ್ತದೆ.

1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇದು. ಕೂತಿರುವಾಗಲೇ ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ಹಾಗೆಯೇ ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಸುಮಾರು 20 ಡಿಗ್ರಿ ಕೆಳಗೆ ವಾಲುವಂತೆ ಹಿಡಿಯಬೇಕು. ಎಡಕ್ಕೆ ಮೊದಲು ಮಾಡಿದೆ, ಏನೂ ಇಲ್ಲ. ಬಲಕ್ಕೆ ಮಲಗಿಸಿದಾಗ ಮೊದಲ ನಾಲ್ಕೈದು ಕ್ಷಣ ಕಣ್ಣು ನಿಶ್ಚಲ. ಆಮೇಲೆ ಜಿಗಿಯತೊಡಗಿತು: ಗುಡ್ಡೆಯ ಮೇಲ್ಭಾಗ ಕೆಳಗಿದ್ದ ಬಲಗಿವಿಯತ್ತ ತಿರುಚುತ್ತ, ಜೊತೆಗೆ ಮೇಲಕ್ಕೆ ಜಿಗಿಯುತ್ತ. ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಏರಿದ ವೇಗ ಇಳಿದು ಅರ್ಧ ನಿಮಿಷದೊಳಗೆ ನಿಂತಿತು. ತಡವಾಗಿ ಶುರುವಾಗುವುದು, ತಿರುಚು, ತಾನಾಗಿ ನಿಲ್ಲುವುದು: ಈ ಮೂರೂ ಸೇರಿದರೆ ಬಲಗಿವಿಯ ಹಿಂಬದಿಯ ನಾಳ ಎಂದು ಹೇಳಲು ಸ್ಕ್ಯಾನ್ ಬೇಡ.

ಎಬ್ಬಿಸದೆ ಅಲ್ಲಿಂದಲೇ ಚಿಕಿತ್ಸೆಗೆ ಹೋದೆ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಹರಳನ್ನು ನಾಳದ ಬಾಗಿನಲ್ಲಿ ಸುತ್ತಿಸಿ ಅದು ಹೊರಟ ಚೀಲಕ್ಕೇ ಮರಳಿಸುತ್ತೇವೆ. ಸುತ್ತು ನಿಂತ ಮೇಲೂ ಅರ್ಧ ನಿಮಿಷ ಕಾದು, ತಲೆಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿದೆ. ಕಣ್ಣು ಮತ್ತೆ ಸ್ವಲ್ಪ ಜಿಗಿಯಿತು, ಮೊದಲಿನ ದಿಕ್ಕಿನಲ್ಲೇ. ಇದು ಒಳ್ಳೆಯ ಲಕ್ಷಣ, ಹರಳು ಮುಂದಕ್ಕೇ ಸಾಗುತ್ತಿದೆ. ದಿಕ್ಕು ಉಲ್ಟಾ ಆದರೆ ಹಿಂದಕ್ಕೆ ಜಾರಿದೆ ಎಂದರ್ಥ. ಅಲ್ಲಿಯೂ ಕಾದು, ಮೈಯನ್ನು ಎಡಭುಜದ ಮೇಲೆ ಹೊರಳಿಸಿ ಮೂಗು ನೆಲ ನೋಡುವಷ್ಟು ತಲೆಯನ್ನು ಇನ್ನೂ 90 ಡಿಗ್ರಿ ತಿರುಗಿಸಿದೆ. ಮತ್ತೆ ಕಾದು, ಗದ್ದವನ್ನು ಎದೆಯತ್ತ ಇಟ್ಟುಕೊಂಡೇ ನಿಧಾನವಾಗಿ ಎಬ್ಬಿಸಿ ಕೂರಿಸಿದೆ. ಈ ಕೊನೆಯ ಹಂತದಲ್ಲಿ ಮುಗ್ಗರಿಸುವವರಿದ್ದಾರೆ, ಹಾಗಾಗಿ ಕೈ ಬಿಡುವುದಿಲ್ಲ. ಅವಸರವೇ ಇಲ್ಲಿ ಹೆಚ್ಚಿನ ಸೋಲಿಗೆ ಕಾರಣ: ಹರಳು ದ್ರವದಲ್ಲಿ ಮೆಲ್ಲಗೆ ಇಳಿಯುತ್ತದೆ, ಅದಕ್ಕೆ ಹೊತ್ತು ಕೊಡದೆ ತಲೆ ತಿರುಗಿಸಿದರೆ ಅರ್ಧ ದಾರಿಯಲ್ಲೇ ಉಳಿಯುತ್ತದೆ.

ಸ್ವಲ್ಪ ಹೊತ್ತು ಕೂರಿಸಿ ಬಲಕ್ಕೆ ಮತ್ತೆ ಪರೀಕ್ಷಿಸಿದೆ. ಕಣ್ಣು ಅಲುಗಲಿಲ್ಲ. ಕತ್ತಿನ ಪಟ್ಟಿಯನ್ನೂ ಮಾತ್ರೆಯನ್ನೂ ನಿಲ್ಲಿಸಲು ಹೇಳಿದೆ. ಮಾತ್ರೆ ವಾಕರಿಕೆಯನ್ನು ತಗ್ಗಿಸಬಹುದು, ಆದರೆ ಹರಳನ್ನು ಜರುಗಿಸಲಾರದು, ಅಮಲು ಬರಿಸುವಂಥದ್ದಾದರೆ ವಯಸ್ಸಾದವರನ್ನು ಬೀಳಿಸಲೂಬಹುದು. ಕೆಲವು ದಿನ ತೇಲಿದಂತಾಗಬಹುದು, ಅದು ತಾನಾಗಿ ಹೋಗುತ್ತದೆ ಎಂದೆ. ಕೂತೇ ನಿದ್ದೆ ಮಾಡಬೇಕೆಂಬ ಹಳೆಯ ನಿರ್ಬಂಧದ ಅಗತ್ಯವಿಲ್ಲ. ಈ ತೊಂದರೆ ಮರುಕಳಿಸುವುದುಂಟು, ಆಗ ಇದೇ ಚಿಕಿತ್ಸೆ ಮತ್ತೆ ಕೆಲಸ ಮಾಡುತ್ತದೆ.

ಎಲ್ಲರಿಗೂ ಇದೇ ದಾರಿಯಲ್ಲ. ಎಡಕ್ಕೂ ಬಲಕ್ಕೂ ಹೊರಳಿದಾಗ ಜೋರಾಗಿ ಸುತ್ತಿ, ಕಣ್ಣು ಅಡ್ಡಡ್ಡ ಜಿಗಿದರೆ ಹರಳು ಅಡ್ಡನಾಳದಲ್ಲಿದೆ. ಅದಕ್ಕೆ ಎಪ್ಲಿ ನಾಟುವುದಿಲ್ಲ, ಮಲಗಿಸಿ ಸುತ್ತಲೂ ಉರುಳಿಸುವ ಬೇರೆ ಕ್ರಮ ಬೇಕು. ನನ್ನನ್ನು ನಿಜಕ್ಕೂ ಎಚ್ಚರಿಸುವುದು ಬೇರೆಯದು: ಮಲಗಿಸಿದ ತಕ್ಷಣವೇ ಕಣ್ಣು ಕೆಳಮುಖವಾಗಿ ಜಿಗಿಯತೊಡಗಿ, ಆ ಭಂಗಿಯಲ್ಲಿ ಎಷ್ಟು ಹೊತ್ತಿದ್ದರೂ ನಿಲ್ಲದೆ, ರೋಗಿಗೆ ಮಾತ್ರ ಸುತ್ತು ಅಷ್ಟೇನೂ ಅನ್ನಿಸದಿರುವುದು. ಹರಳು ಹಾಗೆ ವರ್ತಿಸುವುದಿಲ್ಲ. ಹೀಗೆ ಕಂಡವರನ್ನು ನಾನು ಮಿದುಳಿನ ಎಂಆರ್‌ಐಗೆ ಕಳಿಸುತ್ತೇನೆ. ಇನ್ನು ನಿಲ್ಲದ ಸುತ್ತಿನ ಜೊತೆ ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಅಥವಾ ಕೈಕಾಲು ಜೋಮುಗಟ್ಟುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕತ್ತುನೋವು, ದಿಢೀರನೆ ಕಿವಿ ಕೇಳಿಸದಿರುವುದು, ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ವಿಡಿಯೊ ನೋಡಿ ತಲೆ ತಿರುಗಿಸಿಕೊಳ್ಳುತ್ತ ಕೂರದೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.