ಬ್ಯಾಂಕ್ ಬದಲಾದ ಮೇಲೆ ಪೇರೋಲ್‌ಗೆ ಬರೆದ ಪತ್ರ: ನನ್ನ ಅನುಭವ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹೊಸ ಬ್ಯಾಂಕ್ ಖಾತೆ ತೆರೆದು, ಬೆಂಗಳೂರಿನ ಪೇರೋಲ್ ವಿಭಾಗಕ್ಕೆ ಪತ್ರ ಕಳಿಸಿದೆ. ‘ಹೆಸರು ತಾಳೆಯಾಗ್ತಿಲ್ಲ’ ಅಂತ ವಾಪಸ್ ಬಂತು. ಅವರ ದಾಖಲೆಯಲ್ಲಿ ನಾನು ಕೆ. ಮಂಜುನಾಥ, ಹೊಸ ಪಾಸ್‌ಬುಕ್ಕಿನಲ್ಲಿ ಆಧಾರ್‌ನಂತೆ ಮಂಜುನಾಥ ಕರಿಬಸಪ್ಪ. ಕಿರಿಕಿರಿಯಾದರೂ ಅವರ ತಕರಾರು ನ್ಯಾಯವೇ. ನೆಫ್ಟ್‌ನಲ್ಲಿ ದುಡ್ಡು ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಅಂಕಿ ತಪ್ಪಿದರೆ ಸಂಬಳ ಯಾರದೋ ಖಾತೆಗೆ ಹೋದೀತು, ಅದಕ್ಕೇ ಅವರು ಮೊದಲೇ ಹೆಸರು ತಾಳೆ ನೋಡುವುದು.

ಎರಡನೇ ಪತ್ರದಲ್ಲಿ ನೌಕರರ ಸಂಖ್ಯೆ ಹಾಕಿ ಹೀಗೆ ಬರೆದೆ:

“ಮೇಲಿನ ಎರಡೂ ಹೆಸರು ನನ್ನವೇ, ಆಧಾರ್ ಪ್ರತಿ ಲಗತ್ತಿಸಿದ್ದೇನೆ. ಬರುವ ತಿಂಗಳ ಸಂಬಳವನ್ನು ಹಳೆಯ ಖಾತೆಯ ಬದಲು ಈ ಖಾತೆಗೆ ಜಮೆ ಮಾಡಬೇಕಾಗಿ ವಿನಂತಿ.”

ಕೆಳಗೆ ಖಾತೆ ಸಂಖ್ಯೆ, ಶಾಖೆ, ಐಎಫ್‌ಎಸ್‌ಸಿ. ಈ 11 ಅಕ್ಷರಗಳ ಕೋಡ್‌ನಲ್ಲಿ ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ಕೈಬರಹದಲ್ಲಿ ಗೊಂದಲವಾಗುತ್ತದೆಂದು ಟೈಪ್ ಮಾಡಿಸಿದೆ. ಹೆಸರು ಅಚ್ಚಾಗಿರುವ ಚೆಕ್ಕಿನ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದು, ಸಹಿ ಹಾಕದೆ ಜೊತೆಗಿಟ್ಟೆ. ಮರುದಿನವೇ ಒಪ್ಪಿಗೆಯ ಮೇಲ್ ಬಂತು.

ಹೊಸ ಖಾತೆಗೆ ಸಂಬಳದ ಮೆಸೇಜ್ ಬರುವವರೆಗೂ ಹಳೆಯದನ್ನು ಮುಚ್ಚಲಿಲ್ಲ. ಬೈಕ್ ಸಾಲದ ಕಂತೂ ಅಲ್ಲೇ ಕಡಿತವಾಗುತ್ತಿತ್ತು. ಪಿಎಫ್ ಖಾತೆಯಲ್ಲಿ ಬ್ಯಾಂಕ್ ವಿವರ ತಾನಾಗಿ ಬದಲಾಗಲ್ಲ, ಅದನ್ನು ಬೇರೆಯಾಗಿಯೇ ತಿದ್ದಿಸಬೇಕು.