ಬಾಕಿ ವಸೂಲಿ: ಮೊದಲು ಬರಹದಲ್ಲಿ ಒಪ್ಪಿಗೆ, ಆಮೇಲೆ ನೋಟಿಸ್

ವ್ಯಾಪಾರದ ಗಿರಾಕಿ ದೊಡ್ಡ ಮೊತ್ತ ಉಳಿಸಿಕೊಂಡಾಗ ಹೆಚ್ಚಿನವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ‘ಮುಂದಿನ ವಾರ ನೋಡೋಣ’ ಎಂಬ ಮಾತು ಎಷ್ಟು ಸಲ ಬಂದರೂ ಅದು ದಾಖಲೆಯಲ್ಲ. ಇಷ್ಟು ಬಾಕಿ ಇದೆ ಎಂದು ಅವರಿಂದಲೇ ಬರೆಸಿಕೊಳ್ಳುವುದು ಜ್ಞಾಪನೆಗಳ ಮುಖ್ಯ ಗುರಿಯಾಗಿರಲಿ.

ಮೂರು ಬಿಲ್‌ಗಳಿವೆ ಎಂದಿಟ್ಟುಕೊಳ್ಳಿ: 4,10,000, 3,20,000 ಮತ್ತು 2,10,000. ಒಟ್ಟು 9,40,000. ನಡುವೆ 1,50,000 ಬಂತು, ಯಾವ ಬಿಲ್‌ಗೆ ಎಂದು ಹೇಳಿಲ್ಲ. ಹಣ ಬಂದ ದಿನವೇ ‘ಇದನ್ನು ಹಳೆಯ ಬಿಲ್‌ಗೆ ಜಮಾ ಮಾಡಿದ್ದೇವೆ, ಉಳಿದ ಬಾಕಿ 7,90,000’ ಎಂದು ಇಮೇಲ್ ಮಾಡಿ. ಇದನ್ನು ಬಿಟ್ಟರೆ ಎರಡೂ ಕಡೆಯ ಲೆಕ್ಕ ತಾಳೆಯಾಗದೆ, ಆ ವ್ಯತ್ಯಾಸವೇ ಹಣ ತಡೆಯಲು ನೆಪವಾಗುತ್ತದೆ.

ಗಡುವು ದಾಟಿದ ಮೂರ್ನಾಲ್ಕು ದಿನಕ್ಕೆ ಮೊದಲ ಜ್ಞಾಪನೆ ಅವರ ಲೆಕ್ಕಪತ್ರ ವಿಭಾಗಕ್ಕೆ ಹೋಗಲಿ. ಬಿಲ್ ನಮೂದಾಗಿದೆಯೇ ಎಂದಷ್ಟೇ ಕೇಳಿ. ಆರ್ಡರ್ ಸಂಖ್ಯೆ ತಪ್ಪಾಗಿಯೋ, ಮಾಲು ತಲುಪಿದ ಸಹಿ ಇಲ್ಲದೆಯೋ ಬಿಲ್ ಅಲ್ಲೇ ನಿಂತಿರುವುದು ಸಾಮಾನ್ಯ. ಎರಡು ವಾರದ ಬಳಿಕ ಲೆಡ್ಜರ್ ಪ್ರತಿ ಕಳಿಸಿ, ಬಾಕಿ ಸರಿಯಿದೆ ಎಂದು ಸಹಿ, ಮೊಹರು ಹಾಕಿ ಕೊಡಲು ಕೇಳಿ. ಅನೇಕ ದೇಶಗಳ ಕಾನೂನಿನಲ್ಲಿ, ದಾವೆ ಹೂಡಲು ಇರುವ ಕಾಲಮಿತಿ ಮುಗಿಯುವ ಮೊದಲೇ ಸಿಕ್ಕ ಇಂಥ ಲಿಖಿತ ಒಪ್ಪಿಗೆಯಿಂದ ಆ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ.

ಈ ಹಂತದಲ್ಲಿ ‘ಮೂರನೇ ಬಿಲ್‌ನಲ್ಲಿ 60,000 ಮೌಲ್ಯದ ಮಾಲು ಕೆಟ್ಟಿತ್ತು’ ಎಂಬ ತಕರಾರು ಬರಬಹುದು. ಅದನ್ನು ಪ್ರತ್ಯೇಕಿಸಿ. ಯಾವ ಮಾಲು, ಏನು ದೋಷ ಎಂದು ಲಿಖಿತವಾಗಿ ಕೇಳಿ. ತಕರಾರಿಲ್ಲದ 7,30,000 ಈಗಲೇ ಕೊಡಿ ಎಂದು ಅದೇ ಪತ್ರದಲ್ಲಿ ಬರೆಯಿರಿ. ಚಿಕ್ಕ ತಕರಾರಿನ ಮರೆಯಲ್ಲಿ ಇಡೀ ಮೊತ್ತ ನಿಲ್ಲಲು ಬಿಡಬೇಡಿ. ‘ಇದರೊಂದಿಗೆ ಲೆಕ್ಕ ಚುಕ್ತಾ’ ಎಂಬ ಒಕ್ಕಣೆಯೊಡನೆ ಕಡಿಮೆ ಹಣ ಬಂದರೆ, ವಕೀಲರನ್ನು ಕೇಳದೆ ಸ್ವೀಕರಿಸಬೇಡಿ.

ತಿಂಗಳಾದರೂ ಹಣ ಬಾರದಿದ್ದರೆ ಕೊನೆಯ ಪತ್ರ ಮಾಲೀಕರಿಗೋ ನಿರ್ದೇಶಕರಿಗೋ ಹೋಗಬೇಕು. ಹೊಸ ಮಾಲು ಮುಂಗಡಕ್ಕೆ ಮಾತ್ರ. ಕಂತು ಕೇಳಿದರೆ ಕೊಡಬಹುದು, ಆದರೆ ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ತಕ್ಷಣ ಕೊಡಬೇಕು ಎಂಬ ಷರತ್ತಿಗೆ ಸಹಿ ಪಡೆದ ಮೇಲೆ.

ಇನ್ನು ಲೀಗಲ್ ನೋಟಿಸ್. ಬೋರ್ಡಿನ ಮೇಲಿನ ಹೆಸರಿಗಲ್ಲ, ನೋಂದಾಯಿತ ಹೆಸರು, ವಿಳಾಸಕ್ಕೇ ಕಳಿಸಿ. ಪ್ರತಿ ಬಿಲ್‌ನ ಸಂಖ್ಯೆ, ದಿನಾಂಕ, ಮಾಲು ತಲುಪಿದ ಪುರಾವೆ, ಜಮಾ ಆದ ಹಣ, ಪಾವತಿಯ ಗಡುವು ಅದರಲ್ಲಿರಲಿ. ಒಪ್ಪಂದದಲ್ಲೂ ಕಾನೂನಿನಲ್ಲೂ ಇಲ್ಲದ ಬಡ್ಡಿ ಸೇರಿಸಿದರೆ ಸರಿಯಾದ ಅಸಲಿನ ಮೇಲೂ ಅನುಮಾನ ಬರುತ್ತದೆ. ಪೊಲೀಸ್, ಮಾನಹಾನಿ ಎಂಬ ಬೆದರಿಕೆ ಬೇಡವೇ ಬೇಡ. ಅದು ನಿಮಗೇ ತಿರುಗುಬಾಣವಾದೀತು. ರವಾನೆಯ ರಸೀದಿ ಜೋಪಾನ ಮಾಡಿ. ‘ಸ್ವೀಕರಿಸಲಿಲ್ಲ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಒಡೆಯದೆ ಹಾಗೆಯೇ ಇಡಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಅನೇಕ ಕಡೆ ಕಾಲಮಿತಿ ನಿಲ್ಲುವುದಿಲ್ಲ. ದಾವೆ ಹೂಡುವ ಕೊನೆಯ ದಿನ ಯಾವುದೆಂದು ನೋಟಿಸ್ ಬರೆಸುವಾಗಲೇ ವಕೀಲರಿಂದ ತಿಳಿದುಕೊಳ್ಳಿ.