ಗೋಸುಂಬೆಯ ಬಣ್ಣವನ್ನು ಮುಟ್ಟದೆ ಅಳೆದದ್ದು: ನನ್ನ ಅನುಭವ

ಮಾಮೂಲಿ ಕ್ಯಾಮೆರಾದಿಂದ ಗೋಸುಂಬೆಯ ಬಣ್ಣ ಅಳೆಯುವ ಮಾತನ್ನು ನಮ್ಮ ಬಳಗದಲ್ಲಿ ಯಾರೂ ನಂಬಿರಲಿಲ್ಲ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಬೇಕೇ ಬೇಕು ಅನ್ನುತ್ತಿದ್ದರು. ಒಳ್ಳೆಯದೊಂದಕ್ಕೆ ಲಕ್ಷಗಟ್ಟಲೆ ಸುರಿಯಬೇಕು. ಅದರ ತುದಿಯನ್ನು ಚರ್ಮದ ಹತ್ತಿರ ಹಿಡಿಯಬೇಕೆಂದರೆ ಪ್ರಾಣಿಯನ್ನು ಹಿಡಿಯಲೇಬೇಕು, ಅನುಮತಿ ಇಲ್ಲದೆ ಹಿಡಿದರೆ ಅಪರಾಧ. ಹಿಡಿದರೂ ಸಿಗುವುದು ಹೆದರಿದ ಗೋಸುಂಬೆಯ ಬಣ್ಣ ಮಾತ್ರ. ನನಗೆ ಬೇಕಿದ್ದದ್ದು ಅದು ತನ್ನ ಪಾಡಿಗೆ ಇದ್ದಾಗಿನ ಬಣ್ಣ; ಅದು ಬಣ್ಣ ಬದಲಿಸುವುದು ಹಿನ್ನೆಲೆಗೆ ಹೊಂದಿ ಅಡಗಲೋ, ಇನ್ನೊಂದು ಗೋಸುಂಬೆಗೆ ಏನಾದರೂ ಹೇಳಲೋ ಎಂದು ನೋಡಬೇಕಿತ್ತು.

ಮೊದಲು ಫೋಟೋದ ಬಣ್ಣವನ್ನು ಹೋಲಿಸಿ ನೋಡಲು ಬಣ್ಣದ ಚೌಕಗಳಿರುವ ಕಾರ್ಡಿಗೆ ಸುಮಾರು ಏಳೆಂಟು ಸಾವಿರ ಕೊಟ್ಟೆ. ಬಿಳಿ ಮೋಡ ಬಂದರೆ ಒಂದು ಅಳತೆ, ಬಿಸಿಲಾದರೆ ಇನ್ನೊಂದು. ಫ್ಲ್ಯಾಷ್ ಹಾಕಿದರೆ ಚರ್ಮದ ಹೊಳಪೇ ಎಲ್ಲವನ್ನೂ ನುಂಗುತ್ತಿತ್ತು. ಒಂದು ಸೀಸನ್ ಪೂರ್ತಿ ಹಾಗೇ ಹೋಯಿತು. ಆದರೆ ಆ ಫೋಟೋಗಳಲ್ಲೇ ಒಂದು ವಿಷಯ ಸಿಕ್ಕಿತು: ಹೊಂಗೆ ಎಲೆಗಳ ನಡುವೆ ಇಟ್ಟ ಆ ಕಾರ್ಡಿನ ಬೂದು ಚೌಕವೂ ಹಸಿರಾಗಿ ಕಾಣುತ್ತಿತ್ತು! ಎಲೆಯ ಮೂಲಕ ಇಳಿದ ಬೆಳಕೇ ಹಸಿರು. 'ಗೋಸುಂಬೆ ಎಲೆಯ ಬಣ್ಣಕ್ಕೆ ತಿರುಗಿತು' ಎಂದು ನಾವು ಹೇಳುವುದರಲ್ಲಿ ಒಂದು ಪಾಲು ಈ ಬೆಳಕಿನದೂ ಇರಬಹುದು.

ಆಮೇಲೆ ಬಣ್ಣವನ್ನೇ ಅಳೆಯುವುದು ಬಿಟ್ಟೆ. ಒಂದೇ ಫೋಟೋದಲ್ಲಿ, ಮೈಯ ಒಂದೇ ಪಕ್ಕದಲ್ಲಿ, ತಿಳಿ ಪಟ್ಟೆಯ ಹೊಳಪನ್ನು ಅದರ ಪಕ್ಕದ ಕಪ್ಪು ಪಟ್ಟೆಯ ಹೊಳಪಿನಿಂದ ಭಾಗಿಸಿದೆ. ಎರಡರ ಮೇಲೂ ಬಿದ್ದದ್ದು ಒಂದೇ ಬೆಳಕಾದ್ದರಿಂದ ಮೋಡದ ಕಾಟ ಬಹುಪಾಲು ಕಳೆದುಹೋಗುತ್ತದೆ. ಜೆಪೆಗ್ ಇಲ್ಲಿ ನಡೆಯುವುದಿಲ್ಲ, ಕ್ಯಾಮೆರಾ ತಾನೇ ಹೊಳಪನ್ನು ತಿದ್ದಿಬಿಟ್ಟಿರುತ್ತದೆ. ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟ ರಾ ಫೈಲನ್ನು, ನಿಕಾನ್‌ನಲ್ಲಾದರೆ NEF, dcraw ಎಂಬ ತಂತ್ರಾಂಶದಿಂದ ತಿದ್ದದೆ ತೆಗೆದುಕೊಳ್ಳಬೇಕು:

```
dcraw -o 0 -r 1 1 1 1 -4 -T *.NEF
```

ನಂತರ ImageJ ಎಂಬ ಚಿತ್ರ ಅಳೆಯುವ ತಂತ್ರಾಂಶದಲ್ಲಿ ಎರಡು ಪಟ್ಟೆಗಳ ಹಸಿರು ಚಾನಲ್ ಸರಾಸರಿ ತೆಗೆದರೆ ಮುಗಿಯಿತು. ಈ ಎರಡು ತಂತ್ರಾಂಶಗಳೂ ಉಚಿತ. ಖರ್ಚಾದದ್ದು ಸೆಕೆಂಡ್ ಹ್ಯಾಂಡ್ 400 ಎಂಎಂ ಲೆನ್ಸಿಗೆ, ಮೂವತ್ತು ಸಾವಿರದ ಆಸುಪಾಸು.

ರಾತ್ರಿ ಟಾರ್ಚ್ ಹಿಡಿದು ಹುಡುಕುತ್ತೇನೆ. ಮಲಗಿದ ಗೋಸುಂಬೆ ಪೂರ್ತಿ ಬಿಳಿಚಿಕೊಂಡು ಕೊಂಬೆಯ ತುದಿಯಲ್ಲಿ ಎದ್ದು ಕಾಣುತ್ತದೆ. ಬೆಳಕು ಹರಿಯುವ ಮೊದಲೇ ಏಳೆಂಟು ಮೀಟರ್ ದೂರದಲ್ಲಿ ಟ್ರೈಪಾಡ್ ಹೂಡಿ ಕೂರಬೇಕು. ಅದು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಕೂರುವುದಕ್ಕೆ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಜಾಗದ ಹೆಸರನ್ನೂ ಹೇಳುವುದಿಲ್ಲ, ಹಿಡಿದು ಮಾರುವವರು ಓದುತ್ತಾರೆ.

ಒಂದು ಗಂಡಿನ ಕಥೆ ಹೇಳಿದರೆ ಸಾಕು. ಬೆಳಿಗ್ಗೆ ಲಂಟಾನ ಪೊದೆಯಲ್ಲಿದ್ದಾಗ ಪಟ್ಟೆಗಳ ಅನುಪಾತ 1.3ರ ಹತ್ತಿರ, ಅಂದರೆ ಪಟ್ಟೆ ಇದೆಯೋ ಇಲ್ಲವೋ ಅನ್ನುವಷ್ಟು. ಅಲ್ಲಿಂದ ಇಳಿದು ಒಣ ಮುಳ್ಳಿನ ಬೇಲಿ ಹತ್ತಿತು. ಹಿನ್ನೆಲೆ ಹಸಿರಿನಿಂದ ಬೂದಿಗೆ ತಿರುಗಿತು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅದು ಅಲ್ಲೇ ಇತ್ತು, ಹಸಿರಾಗಿಯೇ ಇತ್ತು; ಅನುಪಾತ ಕದಲಲಿಲ್ಲ. ದೂರದಿಂದ ಬರಿಗಣ್ಣಿಗೆ ಕಾಣುತ್ತಿತ್ತು. ಆಗ ಅದೇ ಬೇಲಿಯ ಆ ತುದಿಯಲ್ಲಿ ಇನ್ನೊಂದು ಗಂಡು ಬಂತು. ಅರ್ಧ ನಿಮಿಷ ಕಳೆಯುವುದರೊಳಗೆ ಅನುಪಾತ 3 ದಾಟಿತು. ಮೈಯನ್ನು ಪಕ್ಕಕ್ಕೆ ಚಪ್ಪಟೆ ಮಾಡಿ, ಗಂಟಲು ಉಬ್ಬಿಸಿ, ಹಳದಿ ಪಟ್ಟೆಗಳನ್ನು ಎದುರಾಳಿಯ ಕಡೆಗೇ ಹಿಡಿದಿತ್ತು. ಹದ್ದು ಮೇಲಿದ್ದರೂ ಕಾಣುವಂಥ ವೇಷ. ಬಂದದ್ದು ಸ್ವಲ್ಪ ಹೊತ್ತು ನಿಂತು, ಇಡೀ ಮೈ ಕಪ್ಪಾಗಿಸಿಕೊಂಡು ಹಿಂದೆ ಸರಿಯಿತು. ಅದರ ಅನುಪಾತ ಹತ್ತಿರ ಹತ್ತಿರ 1. ಕೈಕಾಲು ತಾಗದೆ ಜಗಳ ಮುಗಿಯಿತು.

ಅರಿಜೋನಾದಲ್ಲಿ ಸಂಶೋಧಕರಾದ ಲಿಗನ್ ಮತ್ತು ಮೆಕ್‌ಗ್ರಾ 2013ರಲ್ಲಿ ವೇಲ್ಡ್ ಎಂಬ ಜಾತಿಯ ಗೋಸುಂಬೆಗಳಲ್ಲಿ ಕಂಡದ್ದೂ ಇದೇ ಜಾಡಿನದು: ಪಟ್ಟೆ ಹೊಳೆಯುವ ಗಂಡು ಮುನ್ನುಗ್ಗುತ್ತದೆ, ತಲೆಯ ಬಣ್ಣ ಬೇಗ ಏರಿದ್ದು ಗೆಲ್ಲುತ್ತದೆ. ನಮ್ಮ ಗೋಸುಂಬೆಯ ತಲೆಯನ್ನು ನಾನಿನ್ನೂ ಸರಿಯಾಗಿ ಅಳೆದಿಲ್ಲ, ಅದು ಸದಾ ತಿರುಗುತ್ತಿರುತ್ತದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಚಳಿಯ ಬೆಳಿಗ್ಗೆ ಎರಡು ಕ್ಯಾಮೆರಾಗಳನ್ನು ಎರಡು ಪಕ್ಕಕ್ಕೆ ಇಟ್ಟರೆ, ಬಿಸಿಲಿಗೆ ಒಡ್ಡಿದ ಪಕ್ಕ ಕಪ್ಪು, ನೆರಳಿನ ಪಕ್ಕ ತಿಳಿ. ಇದು ಜಗಳದ ಬಣ್ಣವಲ್ಲ, ಮೈ ಕಾಯಿಸುವುದು. ಪಟ್ಟೆಗಳೂ ಒಟ್ಟಿಗೇ ಕಪ್ಪಾಗುವುದರಿಂದ ಅನುಪಾತ ಏರುವುದಿಲ್ಲ, ಅದರಿಂದಲೇ ಬೇರ್ಪಡಿಸಬಹುದು. ಆದರೂ ಗೊಂದಲವೇ ಬೇಡವೆಂದು ಬಿಸಿಲೇರಿದ ಮೇಲಿನ ಫೋಟೋಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ಅಡಗುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಸುಮ್ಮನಿದ್ದಾಗಿನ ಹಸಿರೇ ಅಡಗುವ ಬಣ್ಣ. ದಕ್ಷಿಣ ಆಫ್ರಿಕಾದ ಕುಬ್ಜ ಗೋಸುಂಬೆಗಳನ್ನು ಹೋಲಿಸಿದ ಸ್ಟುವರ್ಟ್-ಫಾಕ್ಸ್ ಮತ್ತು ಮೌಸಾಲಿ 2008ರಲ್ಲಿ ತೋರಿಸಿದ್ದು, ಹೆಚ್ಚು ಬಣ್ಣ ಬದಲಿಸುವ ಶಕ್ತಿ ಬೆಳೆದದ್ದು ಎದ್ದು ಕಾಣುವ ಸಂಕೇತಕ್ಕಾಗಿ, ಬಗೆಬಗೆಯ ಹಿನ್ನೆಲೆಗೆ ಹೊಂದಲಲ್ಲ ಎಂದು. ನನ್ನ ಬೇಲಿಯ ಗಂಡಿಗೂ ಅದು ಒಪ್ಪುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಗೋಸುಂಬೆಗಳು ನೇರಳಾತೀತ ಬೆಳಕನ್ನೂ ಕಾಣುತ್ತವೆ, ನಮ್ಮ ಕ್ಯಾಮೆರಾ ಕಾಣುವುದಿಲ್ಲ. ಆದ್ದರಿಂದ ಈ ಅನುಪಾತ ಹೇಳುವುದು ಪಟ್ಟೆ ಯಾವಾಗ ಏರಿತು, ಎಷ್ಟು ಬೇಗ ಏರಿತು ಎಂಬುದನ್ನು. ಎದುರಾಳಿಯ ಕಣ್ಣಿಗೆ ಅದು ಹೇಗೆ ಕಂಡಿತು ಎಂಬುದಕ್ಕೆ ನೇರಳಾತೀತವನ್ನೂ ಅಳೆಯುವ ಉಪಕರಣ ಬೇಕು.